ಮೂಳೆಗೆ ಅರ್ಧ ಗಂಟೆ, ನನಗೆ ಮೂರು ಭಾನುವಾರ

ನಮ್ಮ ಮನೆಯಲ್ಲಿ ಕೋಳಿ ಸಾರು ಮಾಡುವುದು ಹೆಂಡತಿಯ ಖಾತೆ. ತಿಂದು, ಪಾತ್ರೆ ತೊಳೆದು, ಚೆನ್ನಾಗಿತ್ತು ಅನ್ನುವುದು ನನ್ನ ಖಾತೆ. ಅವಳ ಬಲಗೈ ಉಳುಕಿದ ವಾರ ಖಾತೆ ಬದಲಾವಣೆ ಆಯಿತು. ಹೊಸ ಮಂತ್ರಿಯ ಉತ್ಸಾಹದಲ್ಲಿ ನಾನು ಬೋನ್‌ಲೆಸ್ ಎದೆ ಮಾಂಸ ತಂದೆ. ಮೂಳೆಯೇ ಇಲ್ಲ ಎಂದಮೇಲೆ ತೊಂದರೆ ಎಲ್ಲಿಂದ ಬರಬೇಕು?

ಅವಳು ಸೋಫಾದಲ್ಲಿ ಕೂತು ಬಾಯಲ್ಲೇ ಅಡುಗೆ ಹೇಳಿಕೊಟ್ಟಳು. ಈರುಳ್ಳಿ ಕೆಂಪಗಾಗಬೇಕು, ಶುಂಠಿ ಬೆಳ್ಳುಳ್ಳಿಯ ಹಸಿ ವಾಸನೆ ಹೋಗಬೇಕು, ಟೊಮೆಟೊ ಕರಗಬೇಕು, ಕೋಳಿ ಹಾಕಿ ಹುರಿದು, ನೀರು ಬಿಟ್ಟು, ಮುಚ್ಚಿ ಅರ್ಧ ಗಂಟೆ ಬೇಯಿಸಬೇಕು. ಅವಳು ಹೇಳಿದ್ದು ಮೂಳೆ ಇರುವ ಕೋಳಿಯ ಲೆಕ್ಕ. ನಾನು ತಂದದ್ದೇನು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಷ್ಟೋ ಸಂಸಾರಗಳು ಹೀಗೇ ನಡೆಯುತ್ತವೆ.

ಟೊಮೆಟೊ ಕರಗುವವರೆಗೂ ಕಾಯುವ ತಾಳ್ಮೆ ನನಗಿರಲಿಲ್ಲ. ಹೇಗೂ ಎಲ್ಲ ಒಟ್ಟಿಗೇ ಬೇಯುತ್ತದಲ್ಲ ಎಂದು ಕೋಳಿಯನ್ನೂ ಸುರಿದುಬಿಟ್ಟೆ. ಎರಡೇ ನಿಮಿಷಕ್ಕೆ ಕೋಳಿ ನೀರು ಬಿಟ್ಟಿತು. ಹುರಿಯಬೇಕಾಗಿದ್ದ ಮಸಾಲೆ ಆ ನೀರಿನಲ್ಲಿ ಈಜತೊಡಗಿತು. ಹದಿನೈದು ನಿಮಿಷವಾದರೂ ಬೆಳ್ಳುಳ್ಳಿ ಹಸಿಹಸಿಯಾಗಿಯೇ ಮೂಗಿಗೆ ಬಡಿಯುತ್ತಿತ್ತು. ಎಣ್ಣೆ ಬಿಸಿಗೆ ಹೋಗುವ ಹಸಿ ವಾಸನೆ, ನೀರಿನಲ್ಲಿ ಕುದಿಸಿದರೆ ಅಷ್ಟು ಬೇಗ ಹೋಗುವುದಿಲ್ಲ. ಅದು ಹೋಗಲಿ ಅಂತ ಕುದಿಸಿದೆ. ಒಂದು ತುಂಡು ಒತ್ತಿ ನೋಡಿದರೆ ಗಟ್ಟಿಯಾಗಿತ್ತು. ಇನ್ನೂ ಬೆಂದಿಲ್ಲ ಅಂದುಕೊಂಡು ಮತ್ತೆ ಹತ್ತು ನಿಮಿಷ ಇಟ್ಟೆ. ಇನ್ನೂ ಗಟ್ಟಿಯಾಯಿತು.

"ಅಪ್ಪಾ, ಇದು ಅಗಿದರೆ ಕೀಚ್ ಕೀಚ್ ಅನ್ನುತ್ತೆ" ಎಂದ ಮಗ.

ನನ್ನ ತಪ್ಪು ಆಲೂಗಡ್ಡೆಯ ತರ್ಕದ್ದು. ಆಲೂಗಡ್ಡೆ ಗಟ್ಟಿಯಿದ್ದರೆ ಬೆಂದಿಲ್ಲ ಅಂತ ಅರ್ಥ. ಎದೆ ಮಾಂಸ ಗಟ್ಟಿಯಾದರೆ ಬಹಳ ಸಲ ಬೆಂದು ಮುಗಿದು ಮುಂದೆ ಹೋಗಿದೆ ಅಂತ ಅರ್ಥ. ಅದರಲ್ಲಿ ಕೊಬ್ಬೂ ಕಡಿಮೆ, ಎಳೆಗಳನ್ನು ಕಟ್ಟಿಹಾಕುವ ಅಂಟು ಪದರವೂ ಕಡಿಮೆ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಕೆಲಸ ಮುಗಿಯಿತು. ಅಲ್ಲಿಂದಾಚೆಗೆ ಎಳೆಗಳು ಕುಗ್ಗುತ್ತಾ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ರಸವನ್ನು ಹೊರಗೆ ಹಾಕುತ್ತವೆ. ಸುತ್ತ ಎಷ್ಟೇ ಗ್ರೇವಿ ಇರಲಿ, ಅದು ಒಳಗೆ ವಾಪಸು ಹೋಗುವುದಿಲ್ಲ. ಒಂದಿಂಚಿನ ತುಂಡಿಗೆ ಬೇಕಾದದ್ದು ಎಂಟು ಹತ್ತು ನಿಮಿಷ. ನಾನು ಕೊಟ್ಟದ್ದು ನಲವತ್ತು.

ಎರಡನೇ ಭಾನುವಾರ ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡ ಬೆಕ್ಕಿನ ಹಾಗಿದ್ದೆ. ಹೊತ್ತು ಮೀರಿಸಲೇಬಾರದು ಅಂತ ಶಪಥ. ತಂದದ್ದು ಮಾತ್ರ ಲೆಗ್ ಪೀಸ್. ಮಸಾಲೆ ಈ ಸಲ ಸರಿಯಾಗಿ ಹುರಿದೆ. ಕಾಲುಗಳನ್ನು ಹಾಕಿ, ಹನ್ನೆರಡನೇ ನಿಮಿಷಕ್ಕೆ ಒಲೆ ಆರಿಸಿ, ಅತ್ತೆ ಮಾವನಿಗೆ ಬಡಿಸಿದೆ. ಮಾವ ಕಚ್ಚಿದರು. ಮೇಲೆ ಗಮಗಮ. ಒಳಗೆ ಮಾಂಸ ಮೂಳೆಯನ್ನು ಬಿಡುತ್ತಿಲ್ಲ. ಎಳೆದರೆ ಮಾವನ ಹಲ್ಲು ಬಂದೀತೇ ಹೊರತು ಮಾಂಸವಲ್ಲ.

ಅತ್ತೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮೂಳೆ ಹತ್ತಿರ ಕೆಂಪಗಿರೋದಕ್ಕೆ ಹೆದರಬೇಡಿ ಅಳಿಯಂದ್ರೆ. ಎಳೇ ಕೋಳಿ ಬೆಂದರೂ ಅಲ್ಲಿ ಸ್ವಲ್ಪ ಕೆಂಪು ಉಳಿಯುತ್ತೆ, ಮೂಳೆಯೊಳಗಿನ ಮಜ್ಜೆ ಬಣ್ಣ ಬಿಡುತ್ತೆ. ಆದರೆ ಇದು ಆ ಕೆಂಪಲ್ಲ. ನೋಡಿ, ಮಾಂಸ ಗಾಜಿನ ಹಾಗೆ ಮಿನುಗ್ತಿದೆ, ಚುಚ್ಚಿದರೆ ನೀರೂ ಕೆಂಪಗೇ ಬರ್ತಿದೆ."

ಅಷ್ಟು ಹೇಳಿ ಎಲ್ಲರ ತಟ್ಟೆಯಿಂದ ಕಾಲುಗಳನ್ನು ಎತ್ತಿ ವಾಪಸು ಪಾತ್ರೆಗೆ ಹಾಕಿದರು. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ನಾವೆಲ್ಲ ಖಾಲಿ ತಟ್ಟೆ ಮುಂದೆ, ಮೌನ ಪ್ರಾರ್ಥನೆಯ ಭಂಗಿಯಲ್ಲಿ ಕೂತಿದ್ದೆವು.

ಕಾಲು ಮತ್ತು ತೊಡೆ ದಪ್ಪ. ಬಿಸಿ ಮೂಳೆಯ ಹತ್ತಿರ ತಲುಪುವ ಹೊತ್ತಿಗೆ ಹೊರಗಿನದು ಬೆಂದು ಕೂತಿರುತ್ತದೆ. ಜೊತೆಗೆ ಕೋಳಿ ಜೀವಮಾನವೆಲ್ಲ ಓಡಾಡಿದ ಕಾಲಲ್ಲವೇ, ಅಂಟು ಪದರ ಜಾಸ್ತಿ. ಅದು ಕರಗಿ ಸಾರಿಗೆ ಮಂದ ಕೊಡಬೇಕಾದರೆ ಬಿಸಿ ಮುಟ್ಟಿದರಷ್ಟೇ ಸಾಲದು, ಆ ಬಿಸಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಹಾಗಾಗಿ ಕಾಲಿಗೆ ಐದು ನಿಮಿಷ ಹೆಚ್ಚಾದರೆ ಅದು ಇನ್ನಷ್ಟು ಮೆತ್ತಗಾಗುತ್ತದೆ. ಎದೆಗೆ ಅದೇ ಐದು ನಿಮಿಷ ಹೆಚ್ಚಾದರೆ ಮಗ ಕೀಚ್ ಕೀಚ್ ಅನ್ನುತ್ತಾನೆ.

ಹೊರಡುವಾಗ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಅಂದರು. "ಮೂಳೆ ಇರೋದನ್ನ ಮಸಾಲೆಗೆ ಹಾಕಬೇಕು, ಇಲ್ಲದ್ದನ್ನ ಸಾರಿಗೆ ಹಾಕಬೇಕು." ಎರಡೂ ಒಂದೇ ಪಾತ್ರೆಯಲ್ಲವೇ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅರ್ಥವಾದದ್ದು ಮೂರನೇ ಭಾನುವಾರ, ಅರ್ಧ ಕಿಲೋ ಲೆಗ್ ಪೀಸು, ಅರ್ಧ ಕಿಲೋ ಬೋನ್‌ಲೆಸ್ ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾಡಬೇಕಾಗಿ ಬಂದಾಗ. ಮಗನಿಗೆ ಮೂಳೆ ಬೇಡ, ಮಾವನಿಗೆ ಮೂಳೆಯೇ ಬೇಕು. ಗೋಡೆ ಗಡಿಯಾರದ ಎದುರು ನಿಂತು ಶುರು ಮಾಡಿದೆ. 11 ಗಂಟೆಗೆ ಈರುಳ್ಳಿ. 11:25ಕ್ಕೆ ಮಸಾಲೆ ಮುದ್ದೆಯಾಗಿ ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಆಗ ಕಾಲುಗಳನ್ನು ಹಾಕಿ ಏಳು ನಿಮಿಷ ಹುರಿದೆ. ಮೇಲಿನ ಹಸಿ ಬಣ್ಣ ಪೂರ್ತಿ ಹೋಗಿ ಮಸಾಲೆ ಮೈಗೆ ಹತ್ತಿಕೊಂಡ ಮೇಲೆ ಬಿಸಿ ನೀರು, ಉಪ್ಪು, ಮುಚ್ಚಳ, ಸಣ್ಣ ಉರಿ. ತಣ್ಣೀರು ಸುರಿದರೆ ಪಾತ್ರೆ ಮತ್ತೆ ಕುದಿಗೆ ಬರುವ ತನಕ ನನ್ನ ಲೆಕ್ಕವೆಲ್ಲ ಹಾಳು, ಅದಕ್ಕೇ ಬಿಸಿ ನೀರು.

ಬೋನ್‌ಲೆಸ್ ತುಂಡುಗಳು ಅಷ್ಟೂ ಹೊತ್ತು ಉಪ್ಪು ಸವರಿಕೊಂಡು ಬಟ್ಟಲಲ್ಲಿ ಕೂತಿದ್ದವು. ಅರ್ಧ ಗಂಟೆ ಮೊದಲೇ ಉಪ್ಪು ಹಚ್ಚಿಟ್ಟರೆ ಎದೆ ಮಾಂಸ ರಸವನ್ನು ಸ್ವಲ್ಪ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. 11:50ಕ್ಕೆ ಒಂದು ಕಾಲಿಗೆ ಚಾಕು ಚುಚ್ಚಿದೆ. ರಸ ತಿಳಿಯಾಗಿತ್ತು, ತುದಿಯಲ್ಲಿ ಮಾಂಸ ಮೂಳೆಯಿಂದ ಹಿಂದೆ ಸರಿದಿತ್ತು. ಸಾರಿನ ರುಚಿ ನೋಡಿ, ಖಾರ ಸರಿಮಾಡಿ, ಇನ್ನು ಮಸಾಲೆಗೆ ಬೇಯುವ ಕೆಲಸವೇ ಇಲ್ಲ ಅಂತ ಖಾತ್ರಿಯಾದ ಮೇಲೆ ಬೋನ್‌ಲೆಸ್ ಹಾಕಿದೆ. ಅತ್ತೆ ಹೇಳಿದ ಸಾರು ಇದು! ಎಂಟನೇ ನಿಮಿಷಕ್ಕೆ ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಸೀಳಿ ನೋಡಿದೆ. ನಡುವೆ ಒಂದು ಎಳೆ ಮಾತ್ರ ಇನ್ನೂ ಗುಲಾಬಿ. ಮತ್ತೆರಡು ನಿಮಿಷ ಬಿಟ್ಟು ಇನ್ನೊಂದನ್ನು ಸೀಳಿದೆ. ಪೂರ್ತಿ ಬಿಳಿ, ಒತ್ತಿದರೆ ರಸ. ಸರಿಯಾಗಿ 12 ಗಂಟೆಗೆ ಒಲೆ ಆರಿಸಿದೆ.

ಹೆಂಡತಿ ಬಂದು ಮುಚ್ಚಳ ತೆಗೆದಳು. ಮೂಸಿದಳು. ತಲೆಯಾಡಿಸಿದಳು. ಮೂರು ವಾರದಲ್ಲಿ ಮೊದಲ ಸಲ ನನ್ನ ಎದೆಯೂ ಮೆತ್ತಗಾಯಿತು.

"ಅನ್ನ ಎಲ್ಲಿ?" ಎಂದಳು.

ಅನ್ನಕ್ಕೆ ಇಟ್ಟೇ ಇರಲಿಲ್ಲ. ಅಕ್ಕಿ ತೊಳೆದು ಬೇಯಿಸಲು ಅರ್ಧ ಗಂಟೆ. ಒಲೆ ಆರಿಸಿದರೂ ಮುಚ್ಚಿಟ್ಟ ಬಿಸಿ ಸಾರು ಬೇಯಿಸುವುದನ್ನು ನಿಲ್ಲಿಸುವುದಿಲ್ಲ. ಅತ್ತೆ ಮಾವ ಬಾಗಿಲು ತಟ್ಟಿದಾಗ ನಾನು ಜಾಲರಿ ಸೌಟು ಹಿಡಿದು, ಕಾಲುಗಳ ನಡುವೆ ಅವಿತಿದ್ದ ಬೋನ್‌ಲೆಸ್ ತುಂಡುಗಳನ್ನು ಒಂದೊಂದಾಗಿ ಬೇಟೆಯಾಡಿ ತಟ್ಟೆಗೆ ಎತ್ತಿಡುತ್ತಿದ್ದೆ. ಹಾಕಿದ್ದು ಇಪ್ಪತ್ತೆರಡು, ಪರೀಕ್ಷೆಗೆ ಹೋದದ್ದು ಎರಡು, ಸಿಕ್ಕಿದ್ದು ಹತ್ತೊಂಬತ್ತು. ಉಳಿದ ಒಂದು ಮಾವನ ತಟ್ಟೆಯಲ್ಲಿ ಸಿಕ್ಕಿತು. ಕೀಚ್ ಅಂತು.