ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿ: ಇಡಬೇಕಾ, ಬೇಡವಾ?

ಪರ: ಮುರಿಯಲು ಆಗದಿರುವುದೇ ಇದರ ಗುಣ

ಮೊದಲೇ ಹೇಳಿಬಿಡುತ್ತೇನೆ, ಈ ಎಫ್‌ಡಿ ಎಲ್ಲರಿಗೂ ಅಲ್ಲ. ಹಳೇ ತೆರಿಗೆ ಪದ್ಧತಿಯಲ್ಲೇ ಉಳಿದಿರುವವರಿಗೆ, ಅದರಲ್ಲೂ ಕೆಲವು ಉಳಿತಾಯ, ಖರ್ಚುಗಳನ್ನು ತೆರಿಗೆಯ ಆದಾಯದಿಂದ ಕಳೆಯಲು ಬಿಡುವ 80ಸಿ ಸೆಕ್ಷನ್ನಿನ ಮಿತಿಯಲ್ಲಿ ಇನ್ನೂ ಸ್ವಲ್ಪ ಜಾಗ ಖಾಲಿ ಇರುವವರಿಗೆ ಮಾತ್ರ. ಆದರೆ ಅಂಥವರಿಗೆ ಇದರಷ್ಟು ಸರಳವಾದ ದಾರಿ ಇನ್ನೊಂದಿಲ್ಲ ಅನ್ನುವುದು ನನ್ನ ವಾದ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಹುಬ್ಬಳ್ಳಿಯಲ್ಲಿ ಅಪ್ಪ ಅಮ್ಮನಿಗೆಂದು ಸಾಲ ಮಾಡಿ ಕಟ್ಟಿಸಿದ ಮನೆ, ವರ್ಷಕ್ಕೆ 16 ಲಕ್ಷ ಸಂಬಳ. ಬಾಡಿಗೆ ಭತ್ಯೆಯ ವಿನಾಯಿತಿ ಸುಮಾರು 3 ಲಕ್ಷ, ಗೃಹಸಾಲದ ಬಡ್ಡಿ 2 ಲಕ್ಷ ಕಳೆದರೆ ಇವರಿಗೆ ಹಳೇ ಪದ್ಧತಿಯೇ ಲಾಭ. ಈಗ ಇವರ 80ಸಿ ನೋಡಿ. ಪಿಎಫ್ 21,600, ಗೃಹಸಾಲದ ಅಸಲು 60,000, ಮಗಳ ಶಾಲೆಯ ಬೋಧನಾ ಶುಲ್ಕ 30,000. ಒಟ್ಟು 1,11,600. ಮಿತಿ 1.5 ಲಕ್ಷ. ಉಳಿದಿರುವುದು 38,400.

ಇವರು ಇಡಬೇಕಾದದ್ದು ಆ 38,400 ಮಾತ್ರ. ಇಡೀ ಒಂದೂವರೆ ಲಕ್ಷ ಅಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಮಾರ್ಚ್ ಕೊನೆಯಲ್ಲಿ ಗಾಬರಿಬಿದ್ದು ದುಂಡಗೆ ಒಂದೂವರೆ ಲಕ್ಷ ಹಾಕುತ್ತಾರೆ, ಪಿಎಫ್ ಕೂಡ ಇದೇ ಮಿತಿಯೊಳಗೆ ಬರುತ್ತದೆ ಅನ್ನುವುದನ್ನೇ ಮರೆಯುತ್ತಾರೆ, ಆಮೇಲೆ ಹೆಚ್ಚಾದ ಹಣಕ್ಕೆ ಒಂದು ಪೈಸೆ ವಿನಾಯಿತಿಯೂ ಇಲ್ಲ, ಐದು ವರ್ಷ ವಾಪಸ್ಸೂ ಇಲ್ಲ. ಸರಿಯಾಗಿ 38,400 ಇಟ್ಟರೆ ಶೇ 20ರ ಹಂತದಲ್ಲಿ ಸೆಸ್ ಸೇರಿ ಸುಮಾರು 8,000 ರೂಪಾಯಿ ತೆರಿಗೆ ಅದೇ ವರ್ಷ ಉಳಿಯುತ್ತದೆ. ಬಡ್ಡಿ ಶೇ 6.5 ಇದ್ದರೆ ಐದು ವರ್ಷಕ್ಕೆ ಆ ಹಣ 53,000 ಆಗುತ್ತದೆ. ಬಡ್ಡಿಗೆ ತೆರಿಗೆ ಕಟ್ಟಬೇಕು, ನಿಜ. ಕಟ್ಟಿದ ಮೇಲೂ ಕೈಯಲ್ಲಿ ಸುಮಾರು 50,000 ಉಳಿಯುತ್ತದೆ. ಉಳಿತಾಯವಾದ ತೆರಿಗೆಯನ್ನು ಕಳೆದು ನೋಡಿದರೆ ಇವರ ಜೇಬಿನಿಂದ ಹೋಗಿದ್ದು 30,400 ಮಾತ್ರ.

ಇನ್ನು ಬೀಗದ ವಿಷಯ. ಈ ಠೇವಣಿಗೆ 2006ರಲ್ಲಿ ಕೇಂದ್ರ ಸರ್ಕಾರವೇ ಮಾಡಿದ ಪ್ರತ್ಯೇಕ ಯೋಜನೆ ಇದೆ. ಅದರ ಪ್ರಕಾರ ಐದು ವರ್ಷ ತುಂಬುವ ಮುಂಚೆ ಮುರಿಯುವಂತಿಲ್ಲ, ಸಾಲಕ್ಕೆ ಅಡವಿಡುವಂತಿಲ್ಲ. ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ಅವರ ಕೈಯಲ್ಲಿ ಏನೂ ಇಲ್ಲ. ನನಗೆ ಇದು ದೋಷವಾಗಿ ಕಾಣುವುದಿಲ್ಲ. ಮಾಮೂಲಿ ಎಫ್‌ಡಿ ಇವತ್ತು ಮೊಬೈಲಿನಲ್ಲಿ ಎರಡು ಸಲ ಒತ್ತಿದರೆ ಮುರಿಯುತ್ತದೆ. ಹೊಸ ಫೋನು, ಯಾರದೋ ಮದುವೆಯ ಮುಯ್ಯಿ, ನೆಂಟರ ಕೈಗಡ, ಎಲ್ಲಕ್ಕೂ ಅದೇ ಬಲಿಯಾಗುತ್ತದೆ. ನಮ್ಮ ಕಡೆ ಇನ್ನೊಂದು ಒತ್ತಡವೂ ಇದೆ. ಭಾವಮೈದುನನ ಅಂಗಡಿಗೆ ಓವರ್‌ಡ್ರಾಫ್ಟ್ ಸಾಲ ಬೇಕು, ನಿಮ್ಮ ಎಫ್‌ಡಿ ಸ್ವಲ್ಪ ಜಾಮೀನಿಗೆ ಕೊಡಿ ಅಂತ ಕೇಳುತ್ತಾರೆ. ಇಲ್ಲ ಅಂದರೆ ಸಂಬಂಧ ಹಳಸುತ್ತದೆ. ಈ ಠೇವಣಿಯನ್ನು ಬೇರೆಯವರ ಸಾಲಕ್ಕೂ ಭದ್ರತೆಯಾಗಿ ಇಡಲು ಬರುವುದಿಲ್ಲ. "ಬ್ಯಾಂಕಿನವರು ಒಪ್ಪಲ್ಲ ಕಣೋ" ಅಂತ ನಿಜವನ್ನೇ ಹೇಳಿ ಪಾರಾಗಬಹುದು.

ಸತ್ತರೂ ಹಣ ಸಿಗುವುದಿಲ್ಲವೇನೋ ಅಂತ ಕೆಲವರು ಹೆದರುತ್ತಾರೆ. ಹಾಗಿಲ್ಲ. ಠೇವಣಿದಾರರು ತೀರಿಕೊಂಡರೆ ನಾಮಿನಿ ಅಥವಾ ವಾರಸುದಾರರು, ಜಂಟಿ ಖಾತೆಯಾದರೆ ಉಳಿದವರು, ಐದು ವರ್ಷ ಕಾಯದೆ ಹಣ ತೆಗೆಯಬಹುದು. ನಾಮಿನಿ ಹೆಸರನ್ನು ಮಾತ್ರ ಇಡುವ ದಿನವೇ ಬರೆಸಿ.

ಬಡ್ಡಿ ದರವೂ ನಿಮ್ಮ ಪಾಲಿಗೆ ನಿಲ್ಲುತ್ತದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು. ಅದರ ಹಿಂದಿನ ವರ್ಷ ಇಟ್ಟವರಿಗೆ ಹಳೇ ದರವೇ ಐದೂ ವರ್ಷ ನಡೆಯುತ್ತದೆ. ಷೇರು ಮಾರುಕಟ್ಟೆ ಎಂದರೆ ನಿದ್ದೆ ಕೆಡುವವರಿಗೆ, ಮಗಳ ಪಿಯುಸಿ ಖರ್ಚಿಗೆ ಅಂತ ತಾರೀಖು ಗೊತ್ತಿರುವ ಹಣ ಬೇಕಾದವರಿಗೆ ಇದು ಸಾಕು.

ವಿರೋಧ: ಐದು ವರ್ಷ ಅಂದರೆ ಐದು ವರ್ಷವೇ

ಮೇಲಿನ ಲೆಕ್ಕ ತಪ್ಪಲ್ಲ. ಆದರೆ ಅಷ್ಟು ಅಚ್ಚುಕಟ್ಟಾಗಿ ಲೆಕ್ಕ ಹಾಕಿ ಈ ಎಫ್‌ಡಿ ಇಡುವವರು ಎಷ್ಟು ಜನ? ನಾನು ನೋಡಿದಂತೆ ಇದು ಅಭ್ಯಾಸಬಲದಿಂದ ಇಡುವ ಠೇವಣಿ. ಮಾರ್ಚ್ ಬಂತು, ಟ್ಯಾಕ್ಸ್ ಎಫ್‌ಡಿ ಹಾಕು. ಅಷ್ಟೇ.

2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಅದರಲ್ಲಿ 80ಸಿ ಇಲ್ಲವೇ ಇಲ್ಲ. ಬೇಕು ಅಂದರೆ ನೀವೇ ಹಳೇ ಪದ್ಧತಿ ಆರಿಸಿಕೊಳ್ಳಬೇಕು, ವ್ಯಾಪಾರದ ಆದಾಯ ಇದ್ದರೆ ಅದಕ್ಕೆ 10-IEA ಅನ್ನುವ ಫಾರ್ಮನ್ನೂ ಗಡುವಿನೊಳಗೆ ಸಲ್ಲಿಸಬೇಕು. ಇದು ಗೊತ್ತಿಲ್ಲದೆ ಹಣ ಕಟ್ಟಿದವರ ಪಾಡು ನೋಡಿದರೆ ಸಂಕಟ ಆಗುತ್ತದೆ.

ನನಗೆ ಪರಿಚಯದ ತುಮಕೂರಿನ ಅಂಗಡಿಯವರೊಬ್ಬರು 2024ರ ಮಾರ್ಚ್‌ನಲ್ಲಿ ಎಂದಿನಂತೆ ಒಂದೂವರೆ ಲಕ್ಷ ಇಟ್ಟರು. ಆ ವರ್ಷ ಅವರ ಆದಾಯ ಆರೂವರೆ ಲಕ್ಷ. ರಿಟರ್ನ್ ಹೋಗಿದ್ದು ಹೊಸ ಪದ್ಧತಿಯಲ್ಲಿ. ಆಗ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇತ್ತು, ಹಾಗಾಗಿ ತೆರಿಗೆ ಸೊನ್ನೆ. ಎಫ್‌ಡಿ ಇಡದಿದ್ದರೂ ಸೊನ್ನೆಯೇ. ಅಂದರೆ ಅವರಿಗೆ ಸಿಕ್ಕ ಲಾಭ ಏನೂ ಇಲ್ಲ, ಬೀಗ ಮಾತ್ರ ಪೂರ್ತಿ.

ಮರುವರ್ಷ ಅವರ ತಂದೆಗೆ ಎದೆನೋವು, ಸ್ಟೆಂಟ್ ಹಾಕಬೇಕು, ಆಸ್ಪತ್ರೆಗೆ ತಕ್ಷಣ ಒಂದು ಲಕ್ಷ ಕಟ್ಟಬೇಕು. ರಸೀದಿ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಮುರಿದುಕೊಡಿ, ದಂಡ ಹಿಡಿದುಕೊಳ್ಳಿ ಅಂದರು. ಆಗಲ್ಲ. ಅರ್ಧವಾದರೂ? ಆಗಲ್ಲ. ಇದರ ಮೇಲೆ ಸಾಲ? ಅದೂ ಆಗಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಪಾಪ, ಕಂಪ್ಯೂಟರ್ ಪರದೆಯನ್ನೇ ಅವರ ಕಡೆ ತಿರುಗಿಸಿ ತೋರಿಸಿದಳಂತೆ. ಮುಂದೆ ಹೋಗಲು ಅದರಲ್ಲಿ ದಾರಿಯೇ ಇರಲಿಲ್ಲ. ಕಾಯಿಲೆಗೆ ಅಂತ ಈ ಯೋಜನೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ಸತ್ತರೆ ಹಣ ಬರುತ್ತದೆ, ಬದುಕಿಸಿಕೊಳ್ಳಲು ಬರುವುದಿಲ್ಲ. ಇದು ನನಗೆ ಅರಗದ ವಿಷಯ.

ಕೊನೆಗೆ ಶೇ 14ರ ವೈಯಕ್ತಿಕ ಸಾಲ. ಒಂದು ಲಕ್ಷಕ್ಕೆ ಎರಡು ವರ್ಷದ ಕಂತು ತಿಂಗಳಿಗೆ 4,801, ಒಟ್ಟು ಬಡ್ಡಿ ಸುಮಾರು 15,200. ಅದೇ ಹಣ ಮಾಮೂಲಿ ಎಫ್‌ಡಿಯಲ್ಲಿ ಇದ್ದಿದ್ದರೆ ಎರಡು ದಾರಿ ಇತ್ತು. ಒಂದು ಪರ್ಸೆಂಟ್‌ನಷ್ಟು ದಂಡ ಕೊಟ್ಟು ಮುರಿಯುವುದು, ಇಲ್ಲವೇ ಅದರ ಮೇಲೆ ಏಳೂವರೆ ಪರ್ಸೆಂಟ್ ಆಸುಪಾಸಿನಲ್ಲಿ ಸಾಲ ತೆಗೆಯುವುದು. ಹಾಗೆ ಸಾಲ ತೆಗೆದಿದ್ದರೆ ಎರಡು ವರ್ಷಕ್ಕೆ 8,000 ಬಡ್ಡಿಯಲ್ಲಿ ಮುಗಿಯುತ್ತಿತ್ತು. ತನ್ನದೇ ಒಂದೂವರೆ ಲಕ್ಷ ಬ್ಯಾಂಕಿನಲ್ಲಿ ಆರೂವರೆಗೆ ಕೂತಿದೆ, ತಾನು ಹೊರಗೆ ಹದಿನಾಲ್ಕಕ್ಕೆ ಸಾಲ ತರುತ್ತಿದ್ದಾನೆ. ಇದಕ್ಕಿಂತ ಅನ್ಯಾಯ ಬೇಕಾ?

ಶೇ 20ರ ಹಂತದಲ್ಲಿ ಇದೇ ಒಂದೂವರೆ ಲಕ್ಷ ಇಟ್ಟು 31,200 ರೂಪಾಯಿ ತೆರಿಗೆ ಉಳಿಸಿದವರಾದರೆ ಈ ಸಾಲದ ಬಡ್ಡಿ ಕಟ್ಟಿಯೂ ಲಾಭದಲ್ಲೇ ಇರುತ್ತಾರೆ, ಅದನ್ನು ಒಪ್ಪುತ್ತೇನೆ. ಆದರೆ ಅವರಿಗೂ ಆ ಹೊತ್ತಿಗೆ ಸಾಲ ಸಿಗಬೇಕಲ್ವಾ? ಸಂಬಳದ ಚೀಟಿ ಇಲ್ಲದವರಿಗೆ ವೈಯಕ್ತಿಕ ಸಾಲ ಒಂದೇ ದಿನದಲ್ಲಿ ಕೊಡುವವರು ಯಾರು?

ದರದ ವಿಷಯದಲ್ಲಿ ಪರವಾದಿಗಳು ಅರ್ಧ ಕತೆ ಹೇಳಿದ್ದಾರೆ. ದರ ಇಳಿದಾಗ ಹಳೇ ದರ ಉಳಿಯುವುದು ಮಾಮೂಲಿ ಐದು ವರ್ಷದ ಎಫ್‌ಡಿಯಲ್ಲೂ ಹೌದು. ವ್ಯತ್ಯಾಸ ಗೊತ್ತಾಗುವುದು ದರ ಏರಿದಾಗ. 2021ರಲ್ಲಿ ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ ಐದು ವರ್ಷಕ್ಕೆ ಸಿಗುತ್ತಿದ್ದದ್ದು 5.4ರ ಆಸುಪಾಸು. 2022ರ ಮೇ ತಿಂಗಳಿಂದ ಒಂದು ವರ್ಷದೊಳಗೆ ರೆಪೊ ದರ 4ರಿಂದ 6.5ಕ್ಕೆ ಹೋಯಿತು. ಮಾಮೂಲಿ ಎಫ್‌ಡಿ ಇದ್ದವರು ಮುರಿದು ಹೊಸ ದರಕ್ಕೆ ಇಟ್ಟುಕೊಂಡರು. ತೆರಿಗೆ ಉಳಿಸುವ ಎಫ್‌ಡಿ ಇಟ್ಟವರು 5.4ನ್ನೇ ನೋಡುತ್ತಾ ಕೂತರು.

ಕೈಗೆ ಬಾರದ ಬಡ್ಡಿಗೂ ತೆರಿಗೆ ಇದೆ. ಕೊನೆಯಲ್ಲಿ ಒಟ್ಟಿಗೆ ಪಡೆಯುವ ಠೇವಣಿ ಆರಿಸಿದರೂ ಬ್ಯಾಂಕು ಪ್ರತಿ ವರ್ಷದ ಬಡ್ಡಿಯನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ, ಇಲಾಖೆ ನಿಮ್ಮ ಹೆಸರಿನಲ್ಲಿ ಇಡುವ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಅದು ಬಂದು ಕೂರುತ್ತದೆ. ಒಂದೂವರೆ ಲಕ್ಷಕ್ಕೆ ಮೊದಲ ವರ್ಷ ಸುಮಾರು 10,000 ಬಡ್ಡಿ, ಶೇ 20ರವರಿಗೆ ಅದರ ಮೇಲೆ ಎರಡು ಸಾವಿರ ಚಿಲ್ಲರೆ ತೆರಿಗೆ. ಟಿಡಿಎಸ್ ಕಡಿಯಲಿಲ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ.

ಗಂಡ ಹೆಂಡತಿ ಜಂಟಿಯಾಗಿ ಇಟ್ಟರೆ ವಿನಾಯಿತಿ ಮೊದಲ ಹೆಸರಿನವರಿಗೆ ಮಾತ್ರ. ಹಣ ಹೆಂಡತಿಯದು, ಮೊದಲ ಹೆಸರು ಗಂಡನದು ಅಂತಾದರೆ ಆಕೆಗೆ ಏನೂ ದಕ್ಕುವುದಿಲ್ಲ. ಹಾಗೆಯೇ ಮಾಮೂಲಿ ಎಫ್‌ಡಿಯನ್ನು ಐದು ವರ್ಷಕ್ಕೆ ಇಟ್ಟುಬಿಟ್ಟು ವಿನಾಯಿತಿ ಕೇಳುವವರೂ ಇದ್ದಾರೆ. ಅದು ನಡೆಯುವುದಿಲ್ಲ. ರಸೀದಿಯಲ್ಲಿ ತೆರಿಗೆ ಉಳಿತಾಯದ ಠೇವಣಿ ಅಥವಾ 80ಸಿ ಅಂತ ಅಚ್ಚಾಗಿರಬೇಕು.

ಇಷ್ಟಾದ ಮೇಲೂ 80ಸಿ ಬೇಕೇ ಬೇಕು, ಮಾರುಕಟ್ಟೆಯ ಗೊಡವೆ ಬೇಡ ಅನ್ನುವವರು ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ ನೋಡಲಿ, ಎನ್‌ಎಸ್‌ಸಿ ಅನ್ನುತ್ತಾರಲ್ಲ, ಅದು. ಅವಧಿ ಅಷ್ಟೇ, ಐದು ವರ್ಷ. 2025ರಲ್ಲಿ ಅದರ ಬಡ್ಡಿ 7.7. ಒಂದೂವರೆ ಲಕ್ಷ ಐದು ವರ್ಷಕ್ಕೆ 2,17,000 ದಾಟುತ್ತದೆ, ಶೇ 6.5ರ ಬ್ಯಾಂಕ್ ಎಫ್‌ಡಿಯಲ್ಲಿ 2,07,000. ಮೊದಲ ನಾಲ್ಕು ವರ್ಷ ಸೇರುವ ಬಡ್ಡಿಯನ್ನೂ ಮರುಹೂಡಿಕೆ ಅಂತ 80ಸಿಯಲ್ಲಿ ತೋರಿಸಬಹುದು. ಅದನ್ನೂ ನಡುವೆ ಮುರಿಯಲು ಬಿಡುವುದಿಲ್ಲ, ಆದರೆ ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆಯಬಹುದು. ತುಮಕೂರಿನವರಿಗೆ ಅವತ್ತು ಬೇಕಾಗಿದ್ದದ್ದು ಅಷ್ಟೇ.