ಇಪ್ಪತ್ತು ಶೇಕಡಾ ಆರ್‌ಒಇ ಎಂಬ ಜರಡಿ ಮತ್ತು ಅದರೊಳಗಿಂದ ಜಾರುವ ಸಂಗತಿಗಳು

ಕೇರಳದ ಗಡಿಜಿಲ್ಲೆ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ಉಪ್ಪಳ ಭಾಗದ ಯುವಕರಲ್ಲಿ ಈಗ ಷೇರು ಖಾತೆ ಇಲ್ಲದವರು ಕಡಿಮೆ. ಅವರಲ್ಲಿ ಸ್ವಲ್ಪ ಓದಿಕೊಂಡವರು ಕಂಪನಿಯನ್ನು ಆರಿಸುವಾಗ ಮೊದಲು ಹಾಕುವ ಜರಡಿ ಒಂದೇ: ಆರ್‌ಒಇ ಶೇಕಡಾ 20ಕ್ಕಿಂತ ಹೆಚ್ಚಿರಬೇಕು. ಷೇರುದಾರರ ಸ್ವಂತ ಬಂಡವಾಳದ ಮೇಲೆ ಕಂಪನಿಯು ವರ್ಷಕ್ಕೆ ಎಷ್ಟು ನಿವ್ವಳ ಲಾಭ ಗಳಿಸಿತು ಎಂಬುದನ್ನು ಹೇಳುವ ಈ ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಪರೀಕ್ಷೆಯ ಫಲಿತಾಂಶವೇ ಹೊರತು ಉತ್ತರಪತ್ರಿಕೆಯಲ್ಲ. ಅಂಕ ಎಲ್ಲಿಂದ ಬಂತು ಎಂದು ಬಿಡಿಸಿ ನೋಡದೆ ಒಂದು ಕಂಪನಿಯನ್ನು ‘ಗುಣಮಟ್ಟದ್ದು’ ಎಂದು ಕರೆಯುವುದು ಅವಸರದ ತೀರ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಿಡಿಸುವ ಕ್ರಮ ಹೊಸದೇನಲ್ಲ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1910ರ ದಶಕದಲ್ಲಿ ರೂಪುಗೊಂಡ ಲೆಕ್ಕಾಚಾರದಿಂದ ಅದು ಬೆಳೆದು ಬಂದಿದೆ. ನೂರು ರೂಪಾಯಿ ಮಾರಾಟದಲ್ಲಿ ಕೊನೆಗೆ ಎಷ್ಟು ಲಾಭ ಉಳಿಯಿತು, ಕಂಪನಿಯ ಒಟ್ಟು ಆಸ್ತಿ ವರ್ಷದಲ್ಲಿ ಎಷ್ಟು ಮಾರಾಟವನ್ನು ಹುಟ್ಟಿಸಿತು, ಆ ಆಸ್ತಿಯು ಸ್ವಂತ ಬಂಡವಾಳದ ಎಷ್ಟು ಪಟ್ಟು ಇದೆ ಎಂಬ ಮೂರನ್ನು ಗುಣಿಸಿದರೆ ಆರ್‌ಒಇ ಸಿಗುತ್ತದೆ. ಮೂರನೆಯದು ವಾಸ್ತವವಾಗಿ ಸಾಲದ ಮತ್ತು ಇತರ ಬಾಕಿಗಳ ಇನ್ನೊಂದು ಮುಖ. ನೂರು ರೂಪಾಯಿ ಸ್ವಂತ ಹಣದಿಂದ, ಸಾಲವಿಲ್ಲದೆ, ನೂರು ರೂಪಾಯಿ ಮಾರಾಟ ಮಾಡಿ 20 ರೂಪಾಯಿ ಉಳಿಸುವ ಕಂಪನಿಯ ಆರ್‌ಒಇ ಶೇಕಡಾ 20. ಅದೇ ನೂರು ರೂಪಾಯಿಗೆ 400 ರೂಪಾಯಿ ಸಾಲ ಸೇರಿಸಿ, 500 ರೂಪಾಯಿ ಮಾರಾಟ ಮಾಡಿ, ಶೇಕಡಾ 4ರ ಮಾರ್ಜಿನ್‌ನಲ್ಲಿ 20 ರೂಪಾಯಿ ಉಳಿಸುವ ಕಂಪನಿಯದೂ ಶೇಕಡಾ 20. ಜರಡಿಗೆ ಇಬ್ಬರೂ ಸಮಾನರು. ಆದರೆ ಕಚ್ಚಾವಸ್ತುವಿನ ದರ ಏರಿಯೋ ಪೈಪೋಟಿ ಹೆಚ್ಚಿಯೋ ಇಬ್ಬರ ಮಾರ್ಜಿನ್‌ನಲ್ಲೂ ನೂರಕ್ಕೆ ಎರಡು ರೂಪಾಯಿ ಕುಸಿದರೆ, ಮೊದಲಿನವರ ಆರ್‌ಒಇ 18ಕ್ಕೆ ಇಳಿಯುತ್ತದೆ, ಎರಡನೆಯವರದು 10ಕ್ಕೆ.

ಇದನ್ನು ನಿಜವಾದ ಕಂಪನಿಯೊಂದರಲ್ಲಿ ನೋಡುವುದಾದರೆ ನಾನು ಭಾರ್ತಿ ಏರ್‌ಟೆಲ್‌ನ 2010ರಿಂದ 2013ರವರೆಗಿನ ಲೆಕ್ಕಪತ್ರಗಳನ್ನು ಎತ್ತಿಕೊಳ್ಳುತ್ತೇನೆ. 2010ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಅದರ ಆದಾಯ ಸುಮಾರು 41,800 ಕೋಟಿ ರೂಪಾಯಿ, ನಿವ್ವಳ ಲಾಭ 9,000 ಕೋಟಿಯ ಆಸುಪಾಸು, ಸ್ವಂತ ಬಂಡವಾಳ 42,000 ಕೋಟಿಯಷ್ಟು. ಅಂದರೆ ನೂರಕ್ಕೆ 21 ರೂಪಾಯಿಗಿಂತ ಹೆಚ್ಚು ಮಾರ್ಜಿನ್, ವರ್ಷದ ಕೊನೆಯ ಬಂಡವಾಳದ ಮೇಲೆಯೂ ಅಷ್ಟೇ ಆರ್‌ಒಇ, ಸಾಲ ಹೇಳಿಕೊಳ್ಳುವಷ್ಟಿಲ್ಲ. ಯಾವ ಜರಡಿಯಲ್ಲಾದರೂ ಮೇಲೆ ನಿಲ್ಲುವಂಥ ಕಂಪನಿ. ಮೂರು ವರ್ಷ ಕಳೆದು 2013ರ ಮಾರ್ಚಿಗೆ ಬಂದರೆ ಆದಾಯ ಹೆಚ್ಚುಕಡಿಮೆ ದುಪ್ಪಟ್ಟಾಗಿ 80,000 ಕೋಟಿ ತಲುಪಿದೆ. ಲಾಭ ಮಾತ್ರ 2,280 ಕೋಟಿಯ ಹತ್ತಿರಕ್ಕೆ ಕುಸಿದಿದೆ. ಮಾರ್ಜಿನ್ ನೂರಕ್ಕೆ ಮೂರು ರೂಪಾಯಿಯೂ ಇಲ್ಲ. ಬಂಡವಾಳ 50,000 ಕೋಟಿಯಷ್ಟಿದ್ದು, ಆರ್‌ಒಇ ಶೇಕಡಾ ನಾಲ್ಕೂವರೆಯ ಸುತ್ತ ನಿಂತಿದೆ. ನಿವ್ವಳ ಸಾಲ 60,000 ಕೋಟಿಯನ್ನು ದಾಟಿದೆ.

ಇಲ್ಲಿ ಗಮನಿಸಬೇಕಾದದ್ದು, ಪ್ರತಿ ರೂಪಾಯಿ ಸ್ವಂತ ಬಂಡವಾಳಕ್ಕೆ ಆಗುವ ಮಾರಾಟ ಒಂದು ರೂಪಾಯಿಯಿಂದ ಒಂದು ರೂಪಾಯಿ ಅರುವತ್ತು ಪೈಸೆಗೆ ಏರಿತ್ತು ಎಂಬುದು. ಸಾಲದ ನೆರವು ಸಿಕ್ಕಿದ್ದರಿಂದ ಆ ಭಾಗ ಚೆನ್ನಾಗಿಯೇ ಕಾಣುತ್ತದೆ. ಮಾರ್ಜಿನ್ ಹಾಗೆಯೇ ಉಳಿದಿದ್ದರೆ ಆರ್‌ಒಇ ಶೇಕಡಾ 30ನ್ನು ಮೀರಬೇಕಿತ್ತು. ಮಾರ್ಜಿನ್ ಒಂದೇ ಎಲ್ಲವನ್ನೂ ಕೆಡವಿತು.

ಆದರೆ ಯಾವ ಮಾರ್ಜಿನ್? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮೊದಲಿನ ಲಾಭದ ಪ್ರಮಾಣ ಇದೇ ಅವಧಿಯಲ್ಲಿ ಶೇಕಡಾ 40ರ ಆಸುಪಾಸಿನಿಂದ 30ರ ಆಸುಪಾಸಿಗೆ ಇಳಿದಿತ್ತು. ಅದಷ್ಟನ್ನೇ ನೋಡಿದವರಿಗೆ ಇದು ಪೆಟ್ಟು ತಿಂದೂ ಗಟ್ಟಿಯಾಗಿರುವ ವ್ಯಾಪಾರವೆಂದೇ ಅನ್ನಿಸುತ್ತದೆ. 2010ರಲ್ಲಿ ಕಂಪನಿಯು 13 ದೂರಸಂಪರ್ಕ ವಲಯಗಳ 3ಜಿ ತರಂಗಾಂತರಕ್ಕೆ 12,295 ಕೋಟಿ ರೂಪಾಯಿ ತೆತ್ತಿತ್ತು. ಅದೇ ವರ್ಷ ಝೈನ್ ಸಂಸ್ಥೆಯ 15 ಆಫ್ರಿಕನ್ ದೇಶಗಳ ಮೊಬೈಲ್ ವ್ಯವಹಾರವನ್ನು 1,070 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತ್ತು. ಆ ವೆಚ್ಚವೆಲ್ಲ ಮೇಲಿನ ಮಾರ್ಜಿನ್‌ನಲ್ಲಿ ಕಾಣುವುದೇ ಇಲ್ಲ. ಸವಕಳಿಯ ಮತ್ತು ಬಡ್ಡಿಯ ಸಾಲುಗಳಲ್ಲಿ ಕೆಳಗೆ ಕಾಣಿಸಿಕೊಳ್ಳುತ್ತದೆ. ಟವರು, ತರಂಗಾಂತರ, ಕೇಬಲ್ಲುಗಳಿಗೆ ಹಣ ಸುರಿಯುತ್ತಲೇ ಇರಬೇಕಾದ ಉದ್ಯಮದಲ್ಲಿ ಸವಕಳಿಯನ್ನು ಕಳೆಯದ ಲಾಭವನ್ನು ಹಿಡಿದು ಕಂಪನಿಯ ಗುಣವನ್ನು ಅಳೆಯುವುದು, ಅಡಿಕೆ ತೋಟದ ಆದಾಯವನ್ನು ಲೆಕ್ಕ ಹಾಕುವಾಗ ಸತ್ತ ಮರಗಳ ಜಾಗದಲ್ಲಿ ಸಸಿ ನೆಡುವ ಖರ್ಚನ್ನು ಬಿಟ್ಟಂತೆ.

ಪೈಪೋಟಿಯಲ್ಲಿನ ಮೇಲುಗೈ ಎಂಬ ಮಾತು ಇಲ್ಲಿ ಬರುತ್ತದೆ. ವಾರ್ಷಿಕ ವರದಿಗಳಲ್ಲಿ ಪ್ರತಿ ಕಂಪನಿಯೂ ತನಗೆ ಮೇಲುಗೈ ಇದೆಯೆಂದು ಬರೆದುಕೊಳ್ಳುತ್ತದೆ. ಬ್ರಾಂಡು, ಜಾಲ, ಗ್ರಾಹಕರ ಸಂಖ್ಯೆ ಎಂದೆಲ್ಲ ಪಟ್ಟಿ ಕೊಡುತ್ತದೆ. ಏರ್‌ಟೆಲ್‌ಗೆ ಈ ಮೂರೂ ಇದ್ದವು, ದೇಶದ ಅತಿದೊಡ್ಡ ಮೊಬೈಲ್ ಕಂಪನಿಯೂ ಅದೇ ಆಗಿತ್ತು. ಆದರೂ 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ದರ ಇಟ್ಟಾಗ ಉಳಿದವರೆಲ್ಲ ಅದೇ ದಾರಿ ಹಿಡಿಯಬೇಕಾಯಿತು. ಒಂದೊಂದು ವಲಯದಲ್ಲಿ ಹತ್ತರಷ್ಟು ಕಂಪನಿಗಳಿದ್ದವು. 2011ರ ಜನವರಿಯಲ್ಲಿ ನಂಬರು ಬದಲಾಗದೆ ಕಂಪನಿ ಬದಲಾಯಿಸುವ ಅವಕಾಶವೂ ದೇಶದಾದ್ಯಂತ ಬಂತು. ಗ್ರಾಹಕನನ್ನು ಕಟ್ಟಿಹಾಕಿದ್ದ ಕೊನೆಯ ಹಗ್ಗ ಅದು, ಅದೂ ಬಿಚ್ಚಿಕೊಂಡಿತು.

ಇದನ್ನು ತಿಳಿಯಲು ನಮ್ಮೂರಿನವರಿಗೆ ಲೆಕ್ಕಪತ್ರವೇ ಬೇಕಿರಲಿಲ್ಲ. ಮಂಜೇಶ್ವರದ ಉತ್ತರಕ್ಕೆ ಬರುತ್ತಿದ್ದಂತೆ ಕರ್ನಾಟಕ ವಲಯದ ಟವರು ಹಿಡಿದು ರೋಮಿಂಗ್ ದರ ಬೀಳುತ್ತಿದ್ದ ಆ ದಿನಗಳಲ್ಲಿ, ಮಂಗಳೂರಿಗೆ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರ ಫೋನಿನಲ್ಲೂ ಎರಡು ಸಿಮ್ಮುಗಳಿದ್ದವು, ಕೇರಳದ್ದೊಂದು, ಕರ್ನಾಟಕದ್ದೊಂದು. ಯಾವ ಕರೆಯನ್ನು ಯಾವ ಸಿಮ್ಮಿನಿಂದ ಮಾಡಿದರೆ ಅಗ್ಗ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಗ್ರಾಹಕನು ಕರೆಯಿಂದ ಕರೆಗೆ ಕಂಪನಿ ಬದಲಿಸಬಲ್ಲ ವ್ಯಾಪಾರದಲ್ಲಿ ದರ ಏರಿಸುವ ಶಕ್ತಿ ಯಾರಿಗೂ ಇರುವುದಿಲ್ಲ. ಇನ್ನೊಂದು ವಿಶೇಷವೆಂದರೆ, ಏರ್‌ಟೆಲ್ 3ಜಿ ತರಂಗಾಂತರ ಕೊಂಡ ಆ 13 ವಲಯಗಳಲ್ಲಿ ಕರ್ನಾಟಕ ಇತ್ತು, ಕೇರಳ ಇರಲಿಲ್ಲ. ಗಡಿಯ ತಲಪಾಡಿಯ ಆಚೆ ಸ್ವಂತ 3ಜಿ ಇದ್ದ ಕಂಪನಿಗೆ ಈಚೆ ಅದು ಇರಲಿಲ್ಲ. ಮೇಲುಗೈ ಎಂಬುದು ಇಡೀ ಕಂಪನಿಯ ಗುಣವಾಗಿರದೆ ಆಯಾ ವಲಯದ, ಆಯಾ ಸರಕಿನ ಸಂಗತಿಯಾಗಿರುತ್ತದೆ, ಮತ್ತು ಒಟ್ಟು ಲೆಕ್ಕದ ಒಂದು ಆರ್‌ಒಇ ಅಂಕಿಯು ಈ ವ್ಯತ್ಯಾಸವನ್ನು ಪೂರ್ತಿ ಮುಚ್ಚಿಬಿಡುತ್ತದೆ.

ನಿಜವಾದ ಮೇಲುಗೈಯನ್ನು ಗುರುತಿಸಲು ಕೆಟ್ಟ ವರ್ಷಗಳೇ ಒಳ್ಳೆಯವು. 2015ರ ಜೂನಿನಲ್ಲಿ ಮ್ಯಾಗಿ ಅಂಗಡಿಗಳಿಂದ ಮಾಯವಾಗಿ ನವೆಂಬರಿನಲ್ಲಿ ಮರಳಿತು. ನೆಸ್ಲೆ ಇಂಡಿಯಾದ ಮಾರಾಟ 2014ರಲ್ಲಿ ಸುಮಾರು 9,800 ಕೋಟಿ ಇದ್ದದ್ದು 2015ರಲ್ಲಿ 8,100 ಕೋಟಿಗೆ, ಲಾಭ ಸುಮಾರು 1,185 ಕೋಟಿಯಿಂದ 563 ಕೋಟಿಗೆ ಇಳಿಯಿತು. ಐದು ತಿಂಗಳು ಖಾಲಿಯಿದ್ದ ಜಾಗಕ್ಕೆ ಬೇರೆ ನೂಡಲ್ಸ್‌ಗಳು ಬಂದಿದ್ದರೂ, ಮರುವರ್ಷ ಲಾಭ 900 ಕೋಟಿಯನ್ನು ಮೀರಿತು. 2015ರ ಆರ್‌ಒಇಯನ್ನು ಮಾತ್ರ ಕಂಡವರು ಈ ಕಂಪನಿಯನ್ನು ಕೆಳಗಿಟ್ಟಿರುತ್ತಿದ್ದರು, 2010ರ ಏರ್‌ಟೆಲ್ ಅನ್ನು ಮೇಲಿಟ್ಟಂತೆಯೇ. ಎರಡೂ ಕಡೆ ಒಂದು ವರ್ಷದ ಅಂಕಿ ತಪ್ಪು ದಿಕ್ಕನ್ನೇ ತೋರಿಸುತ್ತದೆ. ಹಾಗಾಗಿ ನಾನು ಕನಿಷ್ಠ ಹತ್ತು ವರ್ಷಗಳ ಮಾರ್ಜಿನ್‌ಗಳನ್ನು ಒಂದು ಸಾಲಿನಲ್ಲಿ ಬರೆದುಕೊಂಡು, ಬಿದ್ದ ವರ್ಷಗಳಲ್ಲಿ ಏಕೆ ಬಿತ್ತು, ಮತ್ತೆ ಎದ್ದಿತೇ, ಎದ್ದದ್ದು ದರ ಏರಿಸಿಯೋ ಅಥವಾ ಕಚ್ಚಾವಸ್ತು ಅಗ್ಗವಾಗಿಯೋ ಎಂದು ನೋಡುತ್ತೇನೆ. ದರ ಏರಿಸಿದಾಗಲೂ ಗ್ರಾಹಕ ಉಳಿದಿದ್ದರೆ ಆ ಲಾಭಕ್ಕೆ ತಳಪಾಯವಿದೆ. ಕಚ್ಚಾವಸ್ತು ಅಗ್ಗವಾದದ್ದರಿಂದ ಬಂದ ಲಾಭವನ್ನು ಪೈಪೋಟಿಯು ಬೇಗನೆ ಕಿತ್ತುಕೊಳ್ಳುತ್ತದೆ.

ಏರ್‌ಟೆಲ್‌ನ ಕಥೆಯನ್ನು 2013ಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಒಂದೊಂದೇ ಕಂಪನಿ ಮುಚ್ಚಿತು ಅಥವಾ ವಿಲೀನವಾಯಿತು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು, ಖಾಸಗಿಯವರಲ್ಲಿ ಮೂವರೇ ಉಳಿದರು. 2019ರ ಡಿಸೆಂಬರ್, 2021ರ ನವೆಂಬರ್-ಡಿಸೆಂಬರ್, 2024ರ ಜುಲೈ ತಿಂಗಳುಗಳಲ್ಲಿ ಮೂವರೂ ದರ ಏರಿಸಿದರು. ಹಿಂದೆ ಯಾರೂ ಮಾಡಲಾಗದಿದ್ದ ಕೆಲಸ ಈಗ ಸಾಧ್ಯವಾಗಲು ಸೇವೆಯ ಗುಣಕ್ಕಿಂತ ಉಳಿದವರ ಸಂಖ್ಯೆಯೇ ಹೆಚ್ಚು ಕಾರಣವೆಂದು ನಾನು ಭಾವಿಸುತ್ತೇನೆ. ಆಫ್ರಿಕಾದ ವ್ಯವಹಾರವೂ ತಡವಾಗಿ ಫಲ ಕೊಟ್ಟು, 2019ರಲ್ಲಿ ಲಂಡನ್ ಷೇರುಪೇಟೆಗೆ ಹೋಯಿತು. ಹೂಡಿದ ಬಂಡವಾಳಕ್ಕೆ ಮೂರೇ ವರ್ಷದಲ್ಲಿ ಲಾಭ ಕೇಳುವುದು ಇಂಥ ಉದ್ಯಮದಲ್ಲಿ ಸರಿಯಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಏರ್‌ಟೆಲ್‌ನ ಈಚಿನ ವರ್ಷಗಳ ಆರ್‌ಒಇಯನ್ನು ನೋಡಿ ಸಂತೋಷಪಡುವವರಿಗೆ ಕೊನೆಯದಾಗಿ ಒಂದು ಎಚ್ಚರಿಕೆಯಿದೆ. 2019ರ ಅಕ್ಟೋಬರಿನಲ್ಲಿ ಪರವಾನಗಿ ಶುಲ್ಕದ ಬಾಕಿಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಹೊರೆ ಬಿದ್ದು, ಕಂಪನಿಗೆ 2019-20ರಲ್ಲಿ 32,183 ಕೋಟಿ, ಮರುವರ್ಷ 15,084 ಕೋಟಿ ನಷ್ಟವಾಯಿತು. ಎರಡೂ ಸೇರಿ 47,000 ಕೋಟಿಗಿಂತ ಹೆಚ್ಚು. ಷೇರುದಾರರಿಂದ ಹಕ್ಕಿನ ಷೇರುಗಳ ಮೂಲಕ 25,000 ಕೋಟಿ ಎತ್ತಿದ್ದರೂ 2021ರ ಮಾರ್ಚಿಗೆ ಸ್ವಂತ ಬಂಡವಾಳ 59,000 ಕೋಟಿಯಷ್ಟೇ ಉಳಿಯಿತು. ನಷ್ಟವು ಬಂಡವಾಳವನ್ನು ತಿಂದಾಗ ಆರ್‌ಒಇಯ ಛೇದ ಚಿಕ್ಕದಾಗುತ್ತದೆ, ಮುಂದಿನ ಪ್ರತಿ ರೂಪಾಯಿ ಲಾಭವೂ ದೊಡ್ಡದಾಗಿ ಕಾಣುತ್ತದೆ. ಉದಾಹರಣೆಗೆ 10,000 ಕೋಟಿ ಲಾಭವನ್ನು 59,000 ಕೋಟಿಯ ಮೇಲೆ ಲೆಕ್ಕ ಹಾಕಿದರೆ ಶೇಕಡಾ 17. ಕಳೆದುಹೋದ 47,000 ಕೋಟಿಯನ್ನು ಮರಳಿ ಸೇರಿಸಿ 1,06,000 ಕೋಟಿಯ ಮೇಲೆ ಹಾಕಿದರೆ ಶೇಕಡಾ ಒಂಬತ್ತೂವರೆಗಿಂತ ಕಡಿಮೆ. ಆ ಹಣವನ್ನು ಷೇರುದಾರರು ಕೊಟ್ಟದ್ದು ನಿಜ, ಅವರಿಗಾಗಿ ಗಳಿಸಿದ್ದ ಲಾಭದಿಂದ ಉಳಿಸಿದ್ದೂ ನಿಜ. ಆದ್ದರಿಂದ ‘ಅಸಾಧಾರಣ ಬಾಬತ್ತು’ ಎಂಬ ಹೆಸರಿನಲ್ಲಿ ಬರೆದು ತೆಗೆದ ಮೊತ್ತಗಳನ್ನೆಲ್ಲ ಹತ್ತು ವರ್ಷಗಳ ವರದಿಗಳಿಂದ ಹುಡುಕಿ, ಬಂಡವಾಳಕ್ಕೆ ಮರಳಿ ಸೇರಿಸಿದ ನಂತರವೇ ನಾನು ಇಪ್ಪತ್ತರ ಜರಡಿಯನ್ನು ಹಾಕುತ್ತೇನೆ, ಸಾಲ ಹೆಚ್ಚಿರುವ ಕಂಪನಿಯಾದರೆ ಸಾಲವನ್ನೂ ಸೇರಿಸಿದ ಒಟ್ಟು ಬಂಡವಾಳದ ಮೇಲಿನ ಪ್ರತಿಫಲವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.