ಖಾಲಿ ತೊಟ್ಟಿಗೆ ಊಟ ಹಾಕಿದ್ದು

ನಮ್ಮ ಮನೆಗೆ ಭಾನುವಾರ ನಾಲ್ಕು ಗೋಲ್ಡ್ ಫಿಶ್ ಬಂದವು. ಶನಿವಾರದ ಹೊತ್ತಿಗೆ ನಾಲ್ಕೂ ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಮಣ್ಣಾಗಿದ್ದವು. ದಾಸವಾಳ ಮಾತ್ರ ಆ ತಿಂಗಳು ಚೆನ್ನಾಗಿ ಹೂ ಬಿಟ್ಟಿತು.

ಮಗಳ ಹುಟ್ಟುಹಬ್ಬಕ್ಕೆ ತಂದ 40 ಲೀಟರ್ ತೊಟ್ಟಿ ಅದು. "ನೀರು ತುಂಬಿಸಿ, ಫಿಲ್ಟರ್ ಆನ್ ಮಾಡಿ, ಸಂಜೆಗೆ ಮೀನು ಬಿಡಿ ಸಾರ್, ಅಷ್ಟೇ" ಅಂದ ಅಂಗಡಿಯವನು. ನಾನೂ ಅಷ್ಟೇ ಮಾಡಿದೆ. ಬುಧವಾರ ಬೆಳಿಗ್ಗೆ ನೋಡಿದರೆ ನಾಲ್ಕೂ ಮೇಲ್ಗಡೆ ಬಂದು ಬಾಯಿ ಪಚಪಚ ಅನ್ನಿಸುತ್ತಿವೆ. ಪಾಪ, ಹಸಿವು ಅಂದುಕೊಂಡು ಇನ್ನೊಂದು ಚಿಟಿಕೆ ಆಹಾರ ಹಾಕಿದೆ. ಉಸಿರು ಸಿಗದೆ ಒದ್ದಾಡುತ್ತಿದ್ದವಕ್ಕೆ ತಿಂಡಿ ಬಡಿಸಿದ್ದೆ ಅಂತ ಗೊತ್ತಾಗಿದ್ದು ಆಮೇಲೆ.

ಒಂದು ಸತ್ತ ಮೇಲೆ ನನ್ನೊಳಗಿನ ಸ್ವಚ್ಛತಾ ಅಭಿಯಾನ ಶುರುವಾಯಿತು. ನೀರೆಲ್ಲಾ ಚೆಲ್ಲಿದೆ, ಫಿಲ್ಟರಿನ ಸ್ಪಂಜನ್ನು ಕಾವೇರಿ ನಲ್ಲಿಯ ಕೆಳಗೆ ಹಿಡಿದು ಪಾತ್ರೆ ತಿಕ್ಕೋ ಹಾಗೆ ತಿಕ್ಕಿದೆ, ಅದೇ ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ತುಂಬಿಸಿದೆ. ನೀರು ಗಾಜಿನ ಹಾಗೆ ಹೊಳೆಯುತ್ತಿತ್ತು. ಉಳಿದ ಮೂರೂ ಆ ಹೊಳಪಿನಲ್ಲೇ ಹೋದವು.

ಮೂರನೇ ಮಹಡಿಯ ಅಂಕಲ್ ಮನೆಯಲ್ಲಿ ಹತ್ತು ವರ್ಷದಿಂದ ಮೀನಿವೆ. ಅವರು ಬಂದು ತೊಟ್ಟಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಹಾಲು ಕಾಯಿಸಿ ಹಾಗೇ ಇಟ್ಟು, ಒಂದು ಗಂಟೆ ಬಿಟ್ಟು ಮೊಸರು ಎಲ್ಲಿ ಅಂತ ಕೇಳ್ತೀರೇನ್ರೀ?"

ವಿಷಯ ಇಷ್ಟೇ. ಮೀನು ಉಸಿರಾಡುತ್ತಾ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿರನ್ನು ಸುಡುತ್ತದೆ. ನಮ್ಮ ಬೋರ್‌ವೆಲ್ ನೀರಿನ ಹಾಗೆ ಪಿಎಚ್ ಜಾಸ್ತಿ ಇದ್ದರೆ ವಿಷವೂ ಜಾಸ್ತಿ. ಹಳೆಯ ತೊಟ್ಟಿಯಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ಇದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವುದನ್ನೇ ಬಿಟ್ಟುಬಿಡುತ್ತದೆ. ಇನ್ನೊಂದು ಜಾತಿ ಬಂದು ನೈಟ್ರೈಟನ್ನು ನೈಟ್ರೇಟ್ ಮಾಡಿದರೆ ಮೀನು ಬಚಾವು, ಯಾಕಂದ್ರೆ ನೈಟ್ರೇಟ್ ಅಷ್ಟೊಂದು ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಈ ಎರಡೂ ಮುಖ್ಯವಾಗಿ ನೀರಿನಲ್ಲಿರುವುದಿಲ್ಲ, ಸ್ಪಂಜಿಗೆ, ಕಲ್ಲಿಗೆ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಇವು ಹೆಚ್ಚುಕಮ್ಮಿ ಇರುವುದೇ ಇಲ್ಲ. ನೀರು ಬದಲಾಯಿಸಿದ್ದೇನೋ ಸರಿ, ಅಮೋನಿಯಾ ಕಡಿಮೆಯಾಗುತ್ತದೆ. ಆದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಕೆಟ್ಟಿನಲ್ಲಿ ಇಡದೆ ಹಾಕಿದೆ ನೋಡಿ, ಆಗಷ್ಟೇ ಹುಟ್ಟುತ್ತಿದ್ದ ನಾಲ್ಕು ಬ್ಯಾಕ್ಟೀರಿಯಾಕ್ಕೂ ಮೀನಿಗೂ ಒಟ್ಟಿಗೇ ಕೈಕೊಟ್ಟೆ.

"ಹಾಗಾದ್ರೆ ನಿಮ್ಮ ಸ್ಪಂಜನ್ನೇ ಸ್ವಲ್ಪ ಹೆಪ್ಪು ಕೊಡಿ ಅಂಕಲ್" ಅಂದೆ.

"ಕೊಡ್ತಿದ್ದೆ, ಆದ್ರೆ ಹೋದ ವಾರದಿಂದ ನಮ್ಮ ಮೀನಿಗೆ ಬಿಳಿ ಚುಕ್ಕೆ ರೋಗ. ಹೆಪ್ಪಿನ ಜೊತೆ ಅದೂ ನಿಮ್ಮನೆಗೆ ಬರುತ್ತೆ."

ಸರಿ, ಹೆಪ್ಪಿಲ್ಲದೆ ಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡುವ ದಾರಿ. ಅಂದರೆ ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟು, ಫಿಲ್ಟರ್ ಓಡಿಸುತ್ತಾ ಕಾಯುವುದು. ಮೊದಲ ಸಲ ಹಾಕುವಾಗ ಅಮ್ಮ ನೋಡಿಬಿಟ್ಟಳು.

"ಯಾರಿಗೋ ಅದು?"

"ಬ್ಯಾಕ್ಟೀರಿಯಾಕ್ಕಮ್ಮ."

ಅಮ್ಮ ಹೆಂಡತಿಯ ಮುಖ ನೋಡಿದಳು. ಹೆಂಡತಿ ಸುಮ್ನೆ ಅಡುಗೆ ಮನೆಗೆ ಹೋದಳು.

ಟೆಸ್ಟ್ ಕಿಟ್ ತಂದೆ. ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಾಕಿ, ಹನಿ ಎಣಿಸಿ, ಅಲುಗಾಡಿಸಿ, ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ನನ್ನ ಕಿಟ್‌ನಲ್ಲಿ ಅಮೋನಿಯಾ ಇಲ್ಲ ಅಂದರೆ ಹಳದಿ, ಇದ್ದರೆ ಹಸಿರು. ಮೊದಲ ಹತ್ತು ದಿನ ಪುದೀನ ಚಟ್ನಿ ಹಸಿರು. ಎರಡನೇ ವಾರದ ಕೊನೆಗೆ ಹಸಿರು ತಿಳಿಯಾಗುತ್ತಾ ಬಂತು, ಗೆದ್ದೆ ಅಂದುಕೊಂಡು ನೈಟ್ರೈಟ್ ನೋಡಿದರೆ ನೇರಳೆ ಹಣ್ಣಿನ ಬಣ್ಣ! ಅದು ಇಳಿಯಲು ಇನ್ನೂ ಮೂರು ವಾರ ಹಿಡಿಯಿತು. ಎಷ್ಟೋ ಜನ ಅಮೋನಿಯಾ ಇಳಿದ ಕೂಡಲೇ ಮೀನು ಬಿಟ್ಟು ಇಲ್ಲೇ ಎಡವುತ್ತಾರಂತೆ. ಮಧ್ಯೆ ಬಂದ ನೆಂಟರೆಲ್ಲಾ "ಮೀನು ಕಾಣ್ತಾನೇ ಇಲ್ವಲ್ಲ, ಬಚ್ಚಿಟ್ಕೊಂಡಿದಾವಾ?" ಅಂತ ಕಲ್ಲಿನ ಸಂದಿಯೆಲ್ಲಾ ಹುಡುಕಿದರು. ನಾನು ಹೌದು ಅಂದುಬಿಡುತ್ತಿದ್ದೆ.

ಆರನೇ ವಾರ, ಆಹಾರ ಹಾಕುತ್ತಲೇ ಇದ್ದರೂ, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಮಾತ್ರ ಕೆಂಪು ಕೆಂಪು. ನಿಲ್ಲಿಸಿಟ್ಟ ನೀರಲ್ಲಿ ಅರ್ಧ ತೊಟ್ಟಿ ಬದಲಾಯಿಸಿದೆ. ಗೋಲ್ಡ್ ಫಿಶ್ ಬೇಡ, ಗಲೀಜು ಜಾಸ್ತಿ, 40 ಲೀಟರ್ ಅದಕ್ಕೆ ಕಾಲು ಚಾಚಲೂ ಸಾಲದು ಅಂತ ಅಂಕಲ್ ಬೈದಿದ್ದರು. ಗಪ್ಪಿ ತಂದೆ, ಅದೂ ಮೂರೇ. ಒಂದೇ ಸಲ ಡಜನ್ ಬಿಟ್ಟರೆ ಇರುವ ಬ್ಯಾಕ್ಟೀರಿಯಾಕ್ಕೆ ಕೆಲಸ ಮಿತಿ ಮೀರಿ ಅಮೋನಿಯಾ ಮತ್ತೆ ಏರುತ್ತದೆ. ಸ್ಪಂಜನ್ನು ಈಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡುತ್ತೇನೆ.

ಮೂರೂ ಗಪ್ಪಿ ಎರಡು ತಿಂಗಳಿಂದ ಆರಾಮಾಗಿವೆ. ನಾನು ಚಿಟಿಕೆಯಷ್ಟೇ ಆಹಾರ ಹಾಕುವುದನ್ನು ನೋಡಿ ಅಮ್ಮನಿಗೆ ಮಾತ್ರ ಸಿಟ್ಟು. "ಯಾರೂ ಇಲ್ಲದಾಗ ದಿನಾ ಹಾಕ್ತಿದ್ದೆ. ಈಗ ಪಾಪ ಜೀವ ಇವೆ, ಇಷ್ಟೇನಾ?"